ರಾಶಿಯ ಫೋಟೊದಿಂದ ಲೆಗೊ ಸೆಟ್ ಪತ್ತೆ ಹಚ್ಚುವುದು ಹೇಗೆ?

ಹಳೆಯ ಸಾಮಾನು ಮಾರುವ ಆ್ಯಪ್‌ಗಳಲ್ಲಿ ಇಂಥ ಫೋಟೊ ಆಗಾಗ ಕಾಣುತ್ತದೆ. ಹಾಸಿದ ಬೆಡ್‌ಶೀಟಿನ ಮೇಲೆ ನೀಲಿ ಮತ್ತು ಬೂದು ಬಣ್ಣದ ಲೆಗೊ ಪೀಸುಗಳ ರಾಶಿ. ಅದರ ನಡುವೆ ಅರ್ಧ ಬಿಚ್ಚಿದ ಒಂದು ರೆಕ್ಕೆ, ಹಳದಿ ಬಣ್ಣದ ಪಾರದರ್ಶಕ ಗಾಜುಗಳು, ತಲೆಗೆ ಹೆಲ್ಮೆಟ್ ಇಲ್ಲದ ಒಬ್ಬ ಕೆಂಪು ಗಗನಯಾತ್ರಿ. ಕೆಳಗೆ ‘ಹಳೆಯ ಲೆಗೊ, ಬಹುತೇಕ ಪೂರ್ತಿ ಇದೆ’ ಎಂಬ ಒಂದು ಸಾಲು. ಡಬ್ಬಿಯೂ ಇಲ್ಲ, ಜೋಡಿಸುವ ಕ್ರಮ ತೋರಿಸುವ ಪುಸ್ತಿಕೆಯೂ ಇಲ್ಲ. ಇದು ಯಾವ ಸೆಟ್? ಇದರಲ್ಲಿ ಏನೇನು ಕಡಿಮೆಯಾಗಿದೆ?

ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಎರಡಕ್ಕೂ ಫೋಟೊದಿಂದಲೇ ಉತ್ತರ ಹುಡುಕಲು ಹೋದವರು ದಾರಿ ತಪ್ಪುತ್ತಾರೆ. ಒಳ್ಳೆಯ ಫೋಟೊ ಸೆಟ್ಟಿನ ಹೆಸರನ್ನು ಹೇಳಬಲ್ಲದು, ಪೀಸುಗಳ ಲೆಕ್ಕವನ್ನು ಹೇಳಲಾರದು. ಕಟ್ಟಿದ ಮಾದರಿಯಲ್ಲಿ ಕ್ಯಾಮೆರಾಕ್ಕೆ ಸಿಗುವುದು ಹೊರಮೈ ಮಾತ್ರ. ಬಿಗಿಗಾಗಿ ಒಳಗೆ ಕೂರಿಸಿದ ಪೀಸುಗಳು, ರೆಕ್ಕೆಯ ಅಡಿಗೆ ಅಡ್ಡ ಹಾಕಿದ ಪ್ಲೇಟುಗಳು ಯಾವ ಕೋನದಿಂದಲೂ ಕಾಣುವುದಿಲ್ಲ. ಆದ್ದರಿಂದ ಈ ಕೆಲಸಕ್ಕೊಂದು ಕ್ರಮವಿದೆ. ಫೋಟೊದಿಂದ ಸೆಟ್ಟಿನ ಸಂಖ್ಯೆಯನ್ನು ತಿಳಿಯಬೇಕು, ಸಂಖ್ಯೆಯಿಂದ ಪೀಸುಗಳ ಪಟ್ಟಿಯನ್ನು ಪಡೆಯಬೇಕು, ಆ ಪಟ್ಟಿಯನ್ನು ಕೈಯಲ್ಲಿರುವ ರಾಶಿಯೊಂದಿಗೆ ತಾಳೆ ನೋಡಬೇಕು.

ಸಂಖ್ಯೆ ಎಂದೆ. ಲೆಗೊ ಸಂಗ್ರಾಹಕರ ಲೋಕದಲ್ಲಿ ಸೆಟ್ಟಿಗೆ ಹೆಸರಿಗಿಂತ ಸಂಖ್ಯೆಯೇ ಮುಖ್ಯ. ಡೆನ್ಮಾರ್ಕಿನ ಬಿಲ್ಲುಂಡ್ ಪಟ್ಟಣದ ಈ ಕಂಪನಿ ಪ್ರತಿ ಸೆಟ್ಟಿನ ಡಬ್ಬಿಯ ಮೇಲೂ ಒಂದು ಸಂಖ್ಯೆಯನ್ನು ಮುದ್ರಿಸುತ್ತದೆ. ಅಭಿಮಾನಿಗಳು ಹಲವು ವರ್ಷಗಳಿಂದ ಕಟ್ಟುತ್ತ ಬಂದಿರುವ ಬ್ರಿಕ್‌ಲಿಂಕ್, ರಿಬ್ರಿಕಬಲ್, ಬ್ರಿಕ್‌ಸೆಟ್ ಎಂಬ ಜಾಲತಾಣಗಳಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ಸೆಟ್ ಬಂದ ವರ್ಷ ಮತ್ತು ಚಿತ್ರ ಸಿಗುತ್ತವೆ. ಯಾವ ಆಕಾರದ, ಯಾವ ಬಣ್ಣದ ಪೀಸು ಎಷ್ಟಿರಬೇಕು ಎಂಬ ಪಟ್ಟಿಯೂ ಸಿಗುತ್ತದೆ. ಇವುಗಳಲ್ಲಿ ಬ್ರಿಕ್‌ಲಿಂಕ್ ಬಿಡಿ ಪೀಸುಗಳ ಮಾರುಕಟ್ಟೆಯೂ ಹೌದು. 2019ರಲ್ಲಿ ಲೆಗೊ ಕಂಪನಿಯೇ ಅದನ್ನು ಕೊಂಡುಕೊಂಡಿತು.

ಇನ್ನು ನಮ್ಮ ಬೆಡ್‌ಶೀಟಿನ ಫೋಟೊಕ್ಕೆ ಬರೋಣ. ಮೊದಲು ನೋಡಬೇಕಾದ್ದು ಪೀಸುಗಳ ಮೇಲಿನ ಗುಂಡಿಗಳನ್ನು. ಅಸಲಿ ಲೆಗೊದಲ್ಲಿ ಪ್ರತಿಯೊಂದು ಗುಂಡಿಯ ತಲೆಯ ಮೇಲೂ ಕಂಪನಿಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಒಂದಕ್ಕೊಂದು ಕೂಡಿಕೊಳ್ಳುವಂತೆ ಬೇರೆಯವರು ತಯಾರಿಸಿದ ಬ್ಲಾಕುಗಳು ನಮ್ಮ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಅವುಗಳ ಗುಂಡಿ ಬೋಳಾಗಿರುತ್ತದೆ, ಇಲ್ಲವೇ ಬೇರೆ ಹೆಸರಿರುತ್ತದೆ. ದೂರದಿಂದ ತೆಗೆದ ಫೋಟೊದಲ್ಲಿ ಇದು ತಿಳಿಯದು. ಮಾರುವವರನ್ನು ಕೇಳಿ, ಪಕ್ಕದಿಂದ ಬೆಳಕು ಬೀಳುವಂತೆ ಒಂದು ಹತ್ತಿರದ ಫೋಟೊ ತರಿಸಿಕೊಳ್ಳಬೇಕು. ಅಕ್ಷರದ ನೆರಳು ಕಂಡರೆ ಮುಂದಿನ ಹೆಜ್ಜೆ ಇಡಬಹುದು.

ಎರಡನೆಯದು ಅಳತೆ. ಲೆಗೊ ಫೋಟೊದೊಳಗೆ ಅಳತೆಪಟ್ಟಿಯೊಂದು ತಾನಾಗಿಯೇ ಇರುತ್ತದೆ. ಒಂದು ಗುಂಡಿಯ ನಡುವಿನಿಂದ ಪಕ್ಕದ ಗುಂಡಿಯ ನಡುವಿಗೆ ಸರಿಯಾಗಿ 8 ಮಿಲಿಮೀಟರ್. ದಪ್ಪನೆಯ ಬ್ರಿಕ್ಕಿನ ಎತ್ತರ 9.6 ಮಿಲಿಮೀಟರ್, ತೆಳುವಾದ ಪ್ಲೇಟಿನದು 3.2 ಮಿಲಿಮೀಟರ್. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್ ಎತ್ತರ. ಹೀಗಾಗಿ ಫೋಟೊದಲ್ಲಿ ಗುಂಡಿಗಳನ್ನು ಎಣಿಸಿದರೆ ಪೀಸಿನ ಉದ್ದ ಅಗಲ ತಿಳಿಯುತ್ತದೆ, ಪಕ್ಕದ ನೋಟ ಸಿಕ್ಕರೆ ಎತ್ತರವೂ ತಿಳಿಯುತ್ತದೆ. ‘ದೊಡ್ಡ ನೀಲಿ ತುಂಡು’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ‘ಎರಡು ಗುಂಡಿ ಅಗಲ, ಎಂಟು ಗುಂಡಿ ಉದ್ದದ ನೀಲಿ ಪ್ಲೇಟ್’ ಎಂದರೆ ಒಂದೇ ಪೀಸು ಸಿಗುತ್ತದೆ.

ಪೀಸು ಕೈಯಲ್ಲೇ ಇದ್ದರೆ ಕೆಲಸ ಇನ್ನೂ ಸುಲಭ. ಬಹುಪಾಲು ಪೀಸುಗಳ ಒಳಮೈಯಲ್ಲಿ ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ ಅಂಕಿಗಳಲ್ಲಿ ಅಚ್ಚಿನ ಸಂಖ್ಯೆ ಇರುತ್ತದೆ. ಎಲ್ಲರಿಗೂ ಪರಿಚಿತವಾದ, ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಂಡಿಯ ಬ್ರಿಕ್ಕಿನದು 3001. ಅದೇ ಅಳತೆಯ ಪ್ಲೇಟಿನದು 3020. ಈ ಸಂಖ್ಯೆ ಆಕಾರವನ್ನು ಹೇಳುತ್ತದೆ, ಬಣ್ಣವನ್ನು ಹೇಳುವುದಿಲ್ಲ. ಕೆಂಪು 3001, ನೀಲಿ 3001 ಎರಡರ ಒಳಗೂ ಅದೇ ಅಂಕಿ ಇರುತ್ತದೆ.

ಆದರೆ 3001 ಸಿಕ್ಕಿತೆಂದು ಸೆಟ್ ಸಿಗುವುದಿಲ್ಲ. ಅದು ಲೆಕ್ಕವಿಲ್ಲದಷ್ಟು ಸೆಟ್ಟುಗಳಲ್ಲಿ ಬಂದಿದೆ. ಇಲ್ಲಿ ಅನುಭವಿಗಳ ಕಣ್ಣು ಹೊಸಬರ ಕಣ್ಣಿಗಿಂತ ಬೇರೆ ಕಡೆ ಹೋಗುತ್ತದೆ. ಹೊಸಬರು ರಾಶಿಯಲ್ಲಿ ಹೆಚ್ಚು ಇರುವುದನ್ನು ನೋಡುತ್ತಾರೆ, ಅನುಭವಿಗಳು ಅಪರೂಪದ್ದನ್ನು ಹುಡುಕುತ್ತಾರೆ. ಚಿತ್ರ ಮುದ್ರಿಸಿದ ಬ್ರಿಕ್, ವಿಚಿತ್ರ ಬಣ್ಣದ ಗಾಜು, ದೊಡ್ಡ ತಳಹಾಸು, ಗೊಂಬೆಯ ಎದೆಯ ಮೇಲಿನ ಲಾಂಛನ ಇವೆಲ್ಲ ಕೆಲವೇ ಸೆಟ್ಟುಗಳಲ್ಲಿ ಬಂದಿರುತ್ತವೆ. ಬ್ರಿಕ್‌ಲಿಂಕ್‌ನಲ್ಲಿ ಯಾವುದೇ ಪೀಸಿನ ಪುಟ ತೆರೆದು ಬಣ್ಣವನ್ನು ಆರಿಸಿದರೆ, ಆ ಬಣ್ಣದಲ್ಲಿ ಆ ಪೀಸು ಬಂದ ಸೆಟ್ಟುಗಳೆಲ್ಲ ಸಾಲಾಗಿ ಬರುತ್ತವೆ. ಒಂದು ಅಪರೂಪದ ಪೀಸಿಗೆ ಹತ್ತು ಸೆಟ್ ಬಂದರೆ, ಇನ್ನೊಂದಕ್ಕೆ ಎಂಟು ಬರಬಹುದು. ಎರಡೂ ಸಾಲುಗಳಲ್ಲಿ ಇರುವವು ಒಂದೋ ಎರಡೋ. ಸೆಟ್ ಸಿಗುವುದು ಸಾಮಾನ್ಯವಾಗಿ ಅಲ್ಲೇ.

ನಮ್ಮ ಫೋಟೊದಲ್ಲಿ ಅಂಥ ಗುರುತುಗಳು ಮೂರಿವೆ. ಕೆಂಪು ಗಗನಯಾತ್ರಿಯ ಎದೆಯ ಮೇಲೆ ಗ್ರಹವನ್ನು ಸುತ್ತುವ ನೌಕೆಯ ಲಾಂಛನವಿದೆ. ಇದು ಸಂಗ್ರಾಹಕರು ‘ಕ್ಲಾಸಿಕ್ ಸ್ಪೇಸ್’ ಎಂದು ಕರೆಯುವ ಸರಣಿಯದು. ಕೈಕಾಲು ಆಡುವ ಇಂದಿನ ಗೊಂಬೆಗಳು 1978ರಲ್ಲಿ ಬಂದಾಗಲೇ ಈ ಸರಣಿಯೂ ಬಂತು. ಎರಡನೆಯ ಗುರುತು ನೀಲಿ ಮೈ, ಬೂದು ರೆಕ್ಕೆ, ಹಳದಿ ಗಾಜು ಒಟ್ಟಿಗೆ ಇರುವುದು. ಆ ಸರಣಿಯ ಮೊದಲ ವರ್ಷಗಳ ನೌಕೆಗಳ ಬಣ್ಣ ಇದೇ. ಮೂರನೆಯದು ರಾಶಿಯ ಅಂಚಿನಲ್ಲಿ ಓರೆಯಾಗಿ ಬಿದ್ದ ಒಂದು ಉದ್ದನೆಯ ನೀಲಿ ಬ್ರಿಕ್. ಫೋಟೊವನ್ನು ಹಿಗ್ಗಿಸಿ ನೋಡಿದರೆ ಅದರ ಮೇಲೆ ‘LL928’ ಎಂದು ಅಚ್ಚಾಗಿದೆ.

ಅಲ್ಲಿಗೆ ಅರ್ಧ ಗೆದ್ದಂತೆ. ಆ ಕಾಲದ ದೊಡ್ಡ ನೌಕೆಗಳ ಮೇಲೆ ಕಂಪನಿ ಸೆಟ್ಟಿನ ಸಂಖ್ಯೆಯನ್ನೇ ಹೆಸರಾಗಿ ಮುದ್ರಿಸುತ್ತಿತ್ತು. 1979ರಲ್ಲಿ ಬಂದ ಈ ನೌಕೆಯ ಸಂಖ್ಯೆ ಯುರೋಪಿನಲ್ಲಿ 928. ಅದೇ ಸೆಟ್ ಅಮೆರಿಕದಲ್ಲಿ 497 ಎಂಬ ಸಂಖ್ಯೆಯಲ್ಲಿ, ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಸಂಗ್ರಾಹಕರು ಇಂದಿಗೂ ಕರೆಯುವುದು ಆ ಹೆಸರಿನಿಂದಲೇ. ಡಬ್ಬಿಯ ಮೇಲೆ 497 ಎಂದಿದ್ದು ನೌಕೆಯ ಮೇಲೆ 928 ಎಂದಿದ್ದರೆ ಯಾರೋ ಎರಡು ಸೆಟ್ ಬೆರೆಸಿದ್ದಾರೆಂದು ಅನುಮಾನಪಡಬೇಕಿಲ್ಲ. ಜಾಲತಾಣದಲ್ಲಿ ಹುಡುಕುವಾಗ ಸಂಖ್ಯೆಯ ಮುಂದೆ ಒಂದು ಅಡ್ಡಗೆರೆ ಮತ್ತು ಒಂದು ಸೇರಿಸಿ `497-1` ಎಂದು ಕೊಟ್ಟರೆ ನೇರವಾಗಿ ಆ ಪುಟಕ್ಕೆ ಹೋಗಬಹುದು.

ಆದರೂ ಒಂದೇ ಒಂದು ಬ್ರಿಕ್ ಸಾಕ್ಷಿಯಲ್ಲ. ಇದೇ ವಿನ್ಯಾಸದ, ಇದೇ ಬಣ್ಣಗಳ ಇನ್ನೆರಡು ಚಿಕ್ಕ ನೌಕೆಗಳು ಅದೇ ವರ್ಷ ಬಂದವು. ಅವುಗಳ ಸಂಖ್ಯೆ 918 ಮತ್ತು 924. ಮೂರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತವೆ, ಗಾತ್ರ ಮಾತ್ರ ಬೇರೆ. ರಾಶಿಯಲ್ಲಿ ಒಂದು ನೌಕೆಯ ಹೆಸರುಳ್ಳ ಬ್ರಿಕ್ ಇದ್ದು, ರೆಕ್ಕೆ ಮಾತ್ರ ಇನ್ನೊಂದರದ್ದಾಗಿರಬಹುದು. ಹಾಗಾಗಿ ರೆಕ್ಕೆಯ ಗುಂಡಿಗಳನ್ನು ಎಣಿಸಿ, ಪುಸ್ತಿಕೆಯ ಚಿತ್ರದ ರೆಕ್ಕೆಯೊಂದಿಗೆ ಹೋಲಿಸಬೇಕು. ಜೊತೆಗೆ 928ರಲ್ಲಿ ಮಾತ್ರ ಇರಬೇಕಾದ ದೊಡ್ಡ ವಸ್ತುಗಳಿವೆಯೇ ಎಂದು ನೋಡಬೇಕು. ಈ ಸೆಟ್ಟಿನಲ್ಲಿ ಎರಡು ದೊಡ್ಡ ಬೂದು ತಳಹಾಸುಗಳಿವೆ. ಒಂದರ ಮೇಲೆ ಚಂದ್ರನ ನೆಲದಂತೆ ಉಬ್ಬಿದ ಕುಳಿಗಳು, ಇನ್ನೊಂದು ನೌಕೆ ಇಳಿಯುವ ಸಮತಟ್ಟಾದ ನೆಲ. ನೌಕೆಯ ಹಿಂಬದಿಯ ಬಾಗಿಲು ತೆರೆದರೆ ಒಳಗೊಂದು ಪುಟ್ಟ ರೋವರ್ ಗಾಡಿ. ಗಗನಯಾತ್ರಿಗಳು ನಾಲ್ವರು, ಇಬ್ಬರು ಕೆಂಪು, ಇಬ್ಬರು ಬಿಳಿ. ರಾಶಿಯಲ್ಲಿ ನೀಲಿ ಗಗನಯಾತ್ರಿ ಕಂಡರೆ ಆತ 1980ರ ದಶಕದ ಬೇರೊಂದು ಸೆಟ್ಟಿನಿಂದ ಬಂದವನು.

ಇನ್ನೊಂದು ಗೊಂದಲ ಇತ್ತೀಚಿನದು. 2022ರಲ್ಲಿ ಕಂಪನಿ ಇದೇ ನೌಕೆಯನ್ನು 10497 ಎಂಬ ಸಂಖ್ಯೆಯಲ್ಲಿ, ಹೆಚ್ಚು ದೊಡ್ಡದಾಗಿ ಮತ್ತೆ ತಯಾರಿಸಿತು. ಅದರಲ್ಲಿ 1,254 ಪೀಸುಗಳಿವೆ. 1979ರದ್ದರಲ್ಲಿ 338. ಕಟ್ಟಿದ ನೌಕೆಯ ಪಕ್ಕದಲ್ಲಿ ಒಂದು ಗೊಂಬೆಯನ್ನು ನಿಲ್ಲಿಸಿದ ಫೋಟೊ ಇದ್ದರೆ ಎರಡನ್ನೂ ಒಂದೇ ನೋಟಕ್ಕೆ ಬೇರೆ ಮಾಡಬಹುದು. ಬಿಚ್ಚಿದ ರಾಶಿಯಾದರೆ ಬೂದು ಬಣ್ಣವನ್ನು ನೋಡಬೇಕು.

ಈ ಬೂದು ಬಣ್ಣದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಹಳೆಯ ಲೆಗೊವನ್ನು ಗುರುತಿಸುವಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ಗುರುತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ರಿಕ್ಕಿನ ಇಂದಿನ ಜೋಡಣೆಯ ವಿಧಾನಕ್ಕೆ ಕಂಪನಿ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅಂದಿನ ಬ್ರಿಕ್ ಇಂದಿನದಕ್ಕೂ ಕಚ್ಚಿಕೊಳ್ಳುತ್ತದೆ. ಇದೇ ಕಾರಣಕ್ಕೆ ಒಂದು ಮನೆಯ ಪೆಟ್ಟಿಗೆಯಲ್ಲಿ ಮೂರು ತಲೆಮಾರಿನ ಪೀಸುಗಳು ಯಾರಿಗೂ ತಿಳಿಯದಂತೆ ಬೆರೆತುಹೋಗುತ್ತವೆ. ಆದರೆ 2003–04ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣಗಳನ್ನು ಬದಲಿಸಿತು. ಹಳೆಯ ಬೂದಿನಲ್ಲಿ ಹಳದಿಯ ಛಾಯೆ ಇದೆ, ಹೊಸದರಲ್ಲಿ ನೀಲಿಯ ಛಾಯೆ. ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳೂ ಬೇರೆ ಮಾಡುತ್ತಾರೆ. 1979ರ ನೌಕೆಯಲ್ಲಿ ನೀಲಿ ಛಾಯೆಯ ಬೂದು ಪೀಸು ಒಂದೇ ಒಂದು ಇದ್ದರೂ ಅದು ಆ ಸೆಟ್ಟಿನದಲ್ಲ. ಮೂಲದ್ದು ಕಳೆದುಹೋಗಿ, ಜಾಗ ತುಂಬಲು ಯಾರೋ ಹಾಕಿದ್ದು.

ಫೋಟೊದಲ್ಲಿ ಈ ವ್ಯತ್ಯಾಸ ಸುಲಭವಾಗಿ ಅಳಿಸಿಹೋಗುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದರೆ ಹೊಸ ಬೂದು ಹಳೆಯದರಂತೆ ಕಾಣುತ್ತದೆ, ಮೊಬೈಲು ತಾನಾಗಿ ಬಣ್ಣ ತಿದ್ದಿದರೆ ಹಳೆಯದು ಹೊಸದರಂತೆ ಕಾಣುತ್ತದೆ. ಹಗಲಿನಲ್ಲಿ, ಕಿಟಕಿಯ ಬಳಿ ನೇರ ಬಿಸಿಲು ಬೀಳದ ಕಡೆ, ಒಂದು ಬಿಳಿ ಹಾಳೆಯ ಮೇಲೆ ಪೀಸುಗಳನ್ನಿಟ್ಟು ತೆಗೆದ ಫೋಟೊವನ್ನೇ ನಂಬಬೇಕು. ಹಾಳೆ ಫೋಟೊದಲ್ಲಿ ಬೆಳ್ಳಗೆ ಕಂಡರೆ ಪೀಸಿನ ಬಣ್ಣವೂ ಹೆಚ್ಚುಕಡಿಮೆ ಸರಿಯಿದೆ ಎಂದು ತಿಳಿಯಬಹುದು. ಬಿಸಿಲಲ್ಲಿ ವರ್ಷಗಟ್ಟಲೆ ಇದ್ದ ಬಿಳಿ ಮತ್ತು ಬೂದು ಪೀಸುಗಳು ಹಳದಿಗೆ ತಿರುಗುತ್ತವೆ ಎಂಬುದನ್ನೂ ಮರೆಯಬಾರದು. ಹಾಗೆ ತಿರುಗಿದ ಪೀಸಿನ ಅಡಿಭಾಗವನ್ನೋ, ಇನ್ನೊಂದು ಪೀಸಿನ ಕೆಳಗೆ ಮುಚ್ಚಿಹೋಗಿದ್ದ ಜಾಗವನ್ನೋ ನೋಡಿದರೆ ಮೂಲ ಬಣ್ಣ ಸಿಗುತ್ತದೆ.

ಸೆಟ್ ಗೊತ್ತಾಯಿತು, ರಾಶಿಯನ್ನು ಕೊಂಡು ಮನೆಗೂ ತಂದಿರಿ ಎಂದುಕೊಳ್ಳಿ. ಇನ್ನು ಫೋಟೊವನ್ನು ಬದಿಗಿಟ್ಟು ಪಟ್ಟಿಯನ್ನು ತೆರೆಯಬೇಕು. ಇಲ್ಲಿ ಬಹಳ ಮಂದಿ ಪೀಸುಗಳನ್ನು ಬಣ್ಣದ ಪ್ರಕಾರ ಗುಡ್ಡೆ ಹಾಕುತ್ತಾರೆ. ಅದು ಕೆಲಸವನ್ನು ಹೆಚ್ಚಿಸುತ್ತದೆ. ನೂರಾರು ನೀಲಿ ಪೀಸುಗಳ ನಡುವೆ ಒಂದು ಸಣ್ಣ ನೀಲಿ ಕೀಲು ಕಣ್ಣಿಗೆ ಬೀಳುವುದೇ ಇಲ್ಲ. ಆಕಾರದ ಪ್ರಕಾರ ಗುಡ್ಡೆ ಹಾಕಿದರೆ, ಕೀಲುಗಳ ಗುಡ್ಡೆಯಲ್ಲಿ ನೀಲಿ ಯಾವುದು, ಬೂದು ಯಾವುದು ಎಂದು ಕಣ್ಣು ತಾನಾಗಿ ಹೇಳುತ್ತದೆ. ಬ್ರಿಕ್ಕುಗಳು ಒಂದು ಕಡೆ, ಪ್ಲೇಟುಗಳು ಇನ್ನೊಂದು ಕಡೆ, ಇಳಿಜಾರಿನವು, ಕೀಲುಗಳು, ಗಾಜುಗಳು, ಗೊಂಬೆಯ ಭಾಗಗಳು ಬೇರೆ ಬೇರೆ. ಆಮೇಲೆ ಪಟ್ಟಿಯ ಒಂದೊಂದು ಸಾಲನ್ನೂ ಓದಿ, ಬೇಕಾದಷ್ಟನ್ನು ಎಣಿಸಿ ಒಂದು ಟ್ರೇಗೆ ಹಾಕಬೇಕು. ಸಿಕ್ಕದ್ದನ್ನು ಬರೆದುಕೊಳ್ಳಬೇಕು.

ಕೊನೆಗೆ ಎರಡು ಪಟ್ಟಿ ಉಳಿಯುತ್ತವೆ, ಎರಡೂ ಮುಖ್ಯ. ಒಂದು, ಬೇಕಿತ್ತು ಆದರೆ ಇಲ್ಲ. ಇನ್ನೊಂದು, ಇದೆ ಆದರೆ ಈ ಸೆಟ್ಟಿಗೆ ಬೇಕಿಲ್ಲ. ಎರಡನೆಯದನ್ನು ಕಸವೆಂದು ಬದಿಗೆ ತಳ್ಳುವವರು ದೊಡ್ಡ ಸುಳಿವನ್ನೇ ಕಳೆದುಕೊಳ್ಳುತ್ತಾರೆ. ನಾಲ್ಕು ಗುಂಡಿಯ ನೀಲಿ ಪ್ಲೇಟ್ ಒಂದು ಕಡಿಮೆ ಬಂದು, ಎರಡು ಗುಂಡಿಯ ನೀಲಿ ಪ್ಲೇಟ್ ಎರಡು ಹೆಚ್ಚು ಬಂದರೆ, ಮಗುವೊಂದು ಕಳೆದುಹೋದ ಉದ್ದ ಪ್ಲೇಟಿನ ಜಾಗಕ್ಕೆ ಎರಡು ಗಿಡ್ಡ ಪ್ಲೇಟುಗಳನ್ನು ಹಾಕಿ ಆಟ ಮುಂದುವರಿಸಿದೆ. ಈ ಬಗೆಯ ಬದಲಿಗಳಿಂದಾಗಿಯೇ ಕಟ್ಟಿದ ನೌಕೆಯ ಫೋಟೊ ನೋಡಿ ‘ಪೂರ್ತಿ ಇದೆ’ ಎನ್ನುವುದು ಅಪಾಯ. ನೌಕೆ ಪೂರ್ತಿಯಾಗಿಯೇ ಕಾಣುತ್ತದೆ, ಸೆಟ್ ಪೂರ್ತಿಯಿರುವುದಿಲ್ಲ.

ಗೊಂಬೆಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಎಡವಟ್ಟಾಗುತ್ತದೆ. ಈ ಸರಣಿಯ ಒಬ್ಬ ಗಗನಯಾತ್ರಿ ಎಂದರೆ ಬೇರ್ಪಡಿಸಬಹುದಾದ ಐದು ಭಾಗಗಳು: ಕಾಲು, ಮೈ, ತಲೆ, ಬೆನ್ನಿಗೆ ಹಾಕುವ ಗಾಳಿಯ ಸಿಲಿಂಡರ್, ಹೆಲ್ಮೆಟ್. ನಾಲ್ವರಿಗೆ ಇಪ್ಪತ್ತು. ಒಬ್ಬರು ಗೊಂಬೆಯನ್ನು ಒಂದೆಂದು ಎಣಿಸಿ, ಇನ್ನೊಬ್ಬರು ಐದೆಂದು ಎಣಿಸಿದರೆ ಒಂದೇ ರಾಶಿಯ ಲೆಕ್ಕದಲ್ಲಿ 16ರ ಅಂತರ ಬರುತ್ತದೆ, ನಿಜವಾಗಿ ಒಂದೂ ಕಳೆದಿರುವುದಿಲ್ಲ. ಅದಕ್ಕೇ ಒಟ್ಟು ಸಂಖ್ಯೆಯನ್ನು ನಂಬದೆ ಸಾಲು ಸಾಲಾಗಿ ತಾಳೆ ನೋಡಬೇಕು ಎನ್ನುವುದು.

ತೂಕ ಹಾಕಿ ನೋಡುವವರೂ ಇದ್ದಾರೆ. ಬ್ರಿಕ್‌ಲಿಂಕ್‌ನ ಪುಟಗಳಲ್ಲಿ ತೂಕವನ್ನೂ ಕೊಟ್ಟಿರುತ್ತಾರೆ, 3001 ಬ್ರಿಕ್ ಸುಮಾರು 2.3 ಗ್ರಾಂ. ಅರ್ಧ ಸೆಟ್ ಇಲ್ಲ ಎಂಬಂಥ ದೊಡ್ಡ ಕೊರತೆಯನ್ನು ಅಡುಗೆಮನೆಯ ತಕ್ಕಡಿಯೂ ಹಿಡಿಯುತ್ತದೆ. ಹೆಲ್ಮೆಟ್ ಇಲ್ಲ, ಆಂಟೆನಾ ಇಲ್ಲ ಎಂಬುದನ್ನು ಹಿಡಿಯಲಾರದು. ಹೊರಗಿನ ಪೀಸುಗಳು ಬೆರೆತಿದ್ದರಂತೂ ತೂಕಕ್ಕೆ ಅರ್ಥವೇ ಇಲ್ಲ.

ಪಟ್ಟಿ ತಾಳೆಯಾದ ಮೇಲೂ ಒಮ್ಮೆ ಕಟ್ಟಿ ನೋಡಬೇಕು. ಪುಸ್ತಿಕೆ ಕಳೆದಿದ್ದರೂ ಚಿಂತೆಯಿಲ್ಲ, ಹಳೆಯ ಪುಸ್ತಿಕೆಗಳ ಪುಟಗಳನ್ನು ಅಭಿಮಾನಿಗಳು ಸ್ಕ್ಯಾನ್ ಮಾಡಿ ಜಾಲತಾಣಗಳಲ್ಲಿ ಇಟ್ಟಿದ್ದಾರೆ. ಆದರೆ ಆ ಕಾಲದ ಪುಸ್ತಿಕೆ ಇಂದಿನಂತೆ ಕೈಹಿಡಿದು ನಡೆಸುವುದಿಲ್ಲ. ಈಗಿನವುಗಳಲ್ಲಿ ಪ್ರತಿ ಹೆಜ್ಜೆಗೆ ಯಾವ ಪೀಸು ಎಷ್ಟು ಬೇಕೆಂದು ಚೌಕದಲ್ಲಿ ತೋರಿಸಿ, ಕೊನೆಯ ಪುಟಗಳಲ್ಲಿ ಇಡೀ ಸೆಟ್ಟಿನ ಪೀಸುಗಳನ್ನು ಸಂಖ್ಯೆಯೊಂದಿಗೆ ಕೊಡುತ್ತಾರೆ. 1979ರ ಪುಸ್ತಿಕೆಯಲ್ಲಿ ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಏನು ಬದಲಾಯಿತೆಂದು ನಾವೇ ಕಂಡುಕೊಳ್ಳಬೇಕು. ಒಂದು ಹೆಜ್ಜೆಯಲ್ಲಿ ಎಂಟು ಹತ್ತು ಪೀಸು ಸೇರಿರುವುದೂ ಉಂಟು. ನಿಧಾನದ ಕೆಲಸ, ಆದರೆ ಪಟ್ಟಿಯಲ್ಲಿ ಕಣ್ತಪ್ಪಿದ್ದು ಇಲ್ಲಿ ಖಂಡಿತ ಸಿಕ್ಕಿಬೀಳುತ್ತದೆ.

ಕಟ್ಟುವಾಗ ತಿಳಿಯುವ ಇನ್ನೊಂದು ಸಂಗತಿ ಸೀಳಿದ ಪೀಸುಗಳದ್ದು. ಎಣಿಕೆಗೆ ಅವು ಸಿಗುತ್ತವೆ, ಉಪಯೋಗಕ್ಕೆ ಬರುವುದಿಲ್ಲ. ಈ ಸೆಟ್ಟಿನಲ್ಲಿ ಮೊದಲು ನೋಡಬೇಕಾದ್ದು ಹೆಲ್ಮೆಟ್ಟನ್ನು. ಆರಂಭದ ವರ್ಷಗಳ ಹೆಲ್ಮೆಟ್ಟುಗಳಲ್ಲಿ ಗಲ್ಲದ ಕೆಳಗಿನ ಪಟ್ಟಿ ತೀರಾ ತೆಳು. ಹಾಕಿ ತೆಗೆಯುವಾಗ ಅಲ್ಲಿಯೇ ನಡುವೆ ಸೀಳುತ್ತದೆ. ಕಂಪನಿ ಮುಂದೆ ಆ ಭಾಗವನ್ನು ದಪ್ಪ ಮಾಡಿತು. ಹಾಗಾಗಿ ಇಂದು ಸಿಗುವ ಗಗನಯಾತ್ರಿಗಳಲ್ಲಿ ಸೀಳದ ತೆಳು ಹೆಲ್ಮೆಟ್ ಅಪರೂಪ, ಹಲವರ ತಲೆಯ ಮೇಲಿರುವುದು ನಂತರ ಬಂದ ದಪ್ಪ ಪಟ್ಟಿಯದು. ಫೋಟೊದಲ್ಲಿ ನೇರ ಮುಂದಿನಿಂದ, ಗಲ್ಲದ ಮಟ್ಟಕ್ಕೆ ಕ್ಯಾಮೆರಾ ಹಿಡಿದು ನೋಡಿದರೆ ಎರಡೂ ತಿಳಿಯುತ್ತವೆ, ಸೀಳೂ ತಿಳಿಯುತ್ತದೆ. ಹಳದಿ ಗಾಜುಗಳಲ್ಲಿ ಗೀರು ಮತ್ತು ಕೀಲಿನ ಬಳಿಯ ಬಿರುಕು ನೋಡಬೇಕು.

ಒಂದೇ ಕೆಲಸದ ಪೀಸು ಕಾಲಕ್ರಮದಲ್ಲಿ ಸಣ್ಣ ಬದಲಾವಣೆ ಕಂಡಿರುವುದರಿಂದ ಪಟ್ಟಿಯಲ್ಲಿ ಸಂಖ್ಯೆಯ ಮುಂದೆ ಅಕ್ಷರವೂ ಬರುತ್ತದೆ. ಗುಂಡಿಯಿಲ್ಲದ ನುಣುಪು ಹಲಗೆಯೊಂದರ ಹಳೆಯ ರೂಪ `3069a`, ಅಡಿಯಂಚಿನಲ್ಲಿ ತೆಳು ಗೀರು ಕೊರೆದ ಮುಂದಿನ ರೂಪ `3069b`. ಆಟಕ್ಕೆ ಎರಡೂ ಒಂದೇ. ಸಂಗ್ರಹಕ್ಕೆ ಮೂಲ ರೂಪವೇ ಬೇಕೆನ್ನುವವರು ಕೊಳ್ಳುವ ಮೊದಲು ಅಕ್ಷರವನ್ನೂ ನೋಡಬೇಕು.

ಉಳಿದದ್ದು ತರಿಸುವ ಮಾತು. ಹೊಸದಾಗಿ ಕೊಂಡ ಸೆಟ್ಟಿನಲ್ಲಿ ಪೀಸು ಇಲ್ಲದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಸೆಟ್ಟಿನ ಸಂಖ್ಯೆ ಮತ್ತು ಪುಸ್ತಿಕೆಯ ಕೊನೆಯಲ್ಲಿರುವ ಪೀಸಿನ ಸಂಖ್ಯೆ ಕೊಟ್ಟು ಕೇಳಬಹುದು. ನಲವತ್ತು ವರ್ಷ ಹಳೆಯ ಸೆಟ್ಟಿಗೆ ಆ ದಾರಿಯಿಲ್ಲ, ಬ್ರಿಕ್‌ಲಿಂಕ್‌ನ ಬಿಡಿ ಮಾರಾಟಗಾರರೇ ಗತಿ. ಅವರಲ್ಲಿ ಹೆಚ್ಚಿನವರು ಯುರೋಪು, ಅಮೆರಿಕದಲ್ಲಿದ್ದಾರೆ. ಪೀಸಿನ ಬೆಲೆ ಹತ್ತಿಪ್ಪತ್ತು ರೂಪಾಯಿ ಇದ್ದರೂ ಅಂಚೆ ಮತ್ತು ಸುಂಕ ಸೇರಿ ನೂರಾರು ರೂಪಾಯಿ ಆಗುತ್ತದೆ. ಒಂದೊಂದೇ ಪೀಸು ತರಿಸದೆ, ‘ಬೇಕು’ ಪಟ್ಟಿಯನ್ನು ಪೂರ್ತಿ ಮಾಡಿ, ಅದರಲ್ಲಿ ಹೆಚ್ಚಿನದು ಒಬ್ಬರ ಬಳಿಯೇ ಸಿಗುವಂತೆ ನೋಡಿ ಒಮ್ಮೆಗೇ ತರಿಸುವುದು ಲಾಭ. ಒಳಗೆ ಅಡಗುವ ಪೀಸಿಗೆ ಬಣ್ಣ ಬೇರೆಯಾದರೂ ನಡೆಯುತ್ತದೆ. ಮೊದಲು ಹಣ ಹಾಕಬೇಕಾದ್ದು ಅಚ್ಚಾದ ಬ್ರಿಕ್, ಗಾಜು, ತಳಹಾಸು, ಹೆಲ್ಮೆಟ್ಟುಗಳಿಗೆ. ಇವುಗಳಿಗೆ ಬದಲಿಯಿಲ್ಲ.

ಮಾರುವವರಲ್ಲಿ ಒಂದು ವಿನಂತಿ. ಬೆಡ್‌ಶೀಟಿನ ಮೇಲೆ ರಾಶಿ ಸುರಿದು ದೂರದಿಂದ ಒಂದು ಫೋಟೊ ತೆಗೆಯುವ ಬದಲು, ಬಿಳಿ ಹಾಳೆಯ ಮೇಲೆ ಅಚ್ಚಾದ ಪೀಸುಗಳು, ಗಾಜುಗಳು ಮತ್ತು ಗೊಂಬೆಗಳನ್ನು ಸಾಲಾಗಿಟ್ಟು ಇನ್ನೊಂದು ತೆಗೆಯಿರಿ. ಸೆಟ್ಟಿನ ಸಂಖ್ಯೆ ಗೊತ್ತಿದ್ದರೆ ಬರೆಯಿರಿ, ಪಟ್ಟಿಯೊಂದಿಗೆ ತಾಳೆ ನೋಡಿದ್ದರೆ ಏನೇನಿಲ್ಲ ಎಂದೂ ಬರೆಯಿರಿ. ಮನೆಯಲ್ಲಿ ಹೊಸ ಸೆಟ್ ಇರುವವರು ಡಬ್ಬಿ ಎಸೆಯುವ ಮೊದಲು ಅದರ ಮೇಲಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪೀಸುಗಳ ಜೊತೆಗೇ ಹಾಕಿಡಿ.